ಕಡ್ಲೆ ಅಂದರೆ ಯಾವ ಕಡ್ಲೆ?

ನಮ್ಮ ಊರು ಪಾವಗಡ ತಾಲ್ಲೂಕಿನಲ್ಲಿದೆ. ಮುಂಗಾರಿನಲ್ಲಿ ನಾಲ್ಕು ಹನಿ ಬಿದ್ದರೆ ಸಾಕು, ಹೊಲಕ್ಕೆಲ್ಲ ಕಡ್ಲೆಕಾಯಿ ಬಿತ್ತುವವರು ನಾವು. ಕಾಯಿ ಕೀಳುವ ಕಾಲಕ್ಕೆ ಮನೆಯ ಅಂಗಳದಲ್ಲಿ ರಾಶಿ, ಒಲೆಯ ಮೇಲೆ ಬೇಯುವ ಕಾಯಿ, ಜೇಬಿನಲ್ಲಿ ಹಸಿಕಾಯಿ, ಗಾಣದಿಂದ ಬಂದ ಎಣ್ಣೆ. ಅಂಥ ಮನೆಯಲ್ಲಿ ಹುಟ್ಟಿದ ನನ್ನ ತಮ್ಮನಿಗೆ ಕಡ್ಲೆಕಾಯಿ ಆಗುವುದಿಲ್ಲ.

ಇದು ನಮಗೆ ಗೊತ್ತಾಗಿದ್ದೇ ತಡವಾಗಿ. ಚಿಕ್ಕವನಿದ್ದಾಗಲೂ ಚಟ್ನಿ ತಿಂದರೆ ತುಟಿ ಕೆರೆದುಕೊಳ್ಳುತ್ತಿದ್ದ, ಮೈಮೇಲೆ ಕೆಂಪಗೆ ದದ್ದು ಏಳುತ್ತಿತ್ತು. ನಮ್ಮ ಕಡೆ ಅದಕ್ಕೆ ಪಿತ್ತದ ಗಂದೆ ಅನ್ನುತ್ತಾರೆ. ಕಂಬಳಿ ಹೊದಿಸಿ ಮಲಗಿಸಿದರೆ ಇಳಿಯುತ್ತದೆ ಎಂದು ನಾನಿ ಹೇಳುತ್ತಿದ್ದರು, ಒಂದೆರಡು ಗಂಟೆಯಲ್ಲಿ ಇಳಿಯುತ್ತಲೂ ಇತ್ತು. ಕಡ್ಲೆಕಾಯಿ ತಿಂದರೆ ಪಿತ್ತ ಎಂಬುದು ಎಲ್ಲರೂ ಹೇಳುವ ಮಾತೇ ಆದ್ದರಿಂದ ಯಾರೂ ಮುಂದೆ ಯೋಚಿಸಲಿಲ್ಲ. ಅವನಿಗೆ ಏಳು ವರ್ಷವಾದಾಗ ಒಮ್ಮೆ ದದ್ದಿನ ಜೊತೆಗೆ ವಾಂತಿಯೂ ಆಯಿತು. ಆಗ ತುಮಕೂರಿನ ಡಾಕ್ಟರೊಬ್ಬರು ಪರೀಕ್ಷೆ ಮಾಡಿ, ಇದು ಪಿತ್ತ ಅಲ್ಲ, ಕಡ್ಲೆಕಾಯಿಯ ಅಲರ್ಜಿ ಎಂದರು. ಹುರಿಗಡಲೆ, ಕಡಲೆಬೇಳೆ ತಿನ್ನಬಹುದು, ಅದರಿಂದ ಅವನಿಗೇನೂ ತೊಂದರೆ ಇಲ್ಲ, ಕಡ್ಲೆಕಾಯಿ ಮಾತ್ರ ಒಂದು ಚೂರೂ ಬೇಡ ಎಂದು ಚೀಟಿಯಲ್ಲಿ ಬರೆದುಕೊಟ್ಟರು.

ಮುಂದಿನ ಸಲ ಡಾಕ್ಟರಿಗೆ ತೋರಿಸಿಕೊಂಡು ವಾಪಸ್ ಬರುವಾಗ ನಡೆದದ್ದೇ ಈ ಲೇಖನಕ್ಕೆ ಕಾರಣ. ತುಮಕೂರಿನಿಂದ ಕೊರಟಗೆರೆ, ಮಧುಗಿರಿ ಹಾದು ಪಾವಗಡಕ್ಕೆ ಬರುವ ರಸ್ತೆಯಲ್ಲಿ ಒಂದು ಸಣ್ಣ ಹೋಟೆಲಿಗೆ ಹೋದೆವು. ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಪಟ್ಟಿ: ಇಡ್ಲಿ, ವಡೆ, ಸೆಟ್ ದೋಸೆ, ಚಿತ್ರಾನ್ನ, ಪಲಾವ್. ಅಬ್ಬಾ ಮರೆಯದೆ ಕೇಳಿದರು, "ಚಟ್ನಿಗೆ ಕಡ್ಲೆ ಹಾಕ್ತೀರಾ?" ಬಡಿಸುವ ಹುಡುಗ, "ಹೂಂ ಸಾರ್, ಹುರ್ಗಡ್ಲೆ ಹಾಕ್ತೀವಿ" ಎಂದ. ಹುರಿಗಡಲೆ ಆಗುತ್ತದೆ ಎಂದು ಡಾಕ್ಟರೇ ಹೇಳಿದ್ದರಲ್ಲ, ಅಬ್ಬಾ ನಿಶ್ಚಿಂತರಾದರು. ತಮ್ಮ ಒಂದು ಇಡ್ಲಿ ಮುಗಿಸುವಷ್ಟರಲ್ಲಿ ಅವನ ತುಟಿ ದಪ್ಪಗಾಯಿತು, ಕೆಮ್ಮು ಶುರುವಾಯಿತು, ಮಾತಾಡಿದರೆ ಗಂಟಲು ಕಟ್ಟಿದಂತೆ ಕೇಳುತ್ತಿತ್ತು. ಹತ್ತಿರದ ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು. ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟ ಮೇಲೆ ಉಸಿರಾಟ ಸರಿಹೋಯಿತು.

ಆಮೇಲೆ ತಿಳಿಯಿತು, ಆ ಚಟ್ನಿಗೆ ಅರ್ಧ ಹುರಿಗಡಲೆ, ಅರ್ಧ ಹುರಿದ ಕಡ್ಲೆಬೀಜ. ಹುಡುಗ ಸುಳ್ಳು ಹೇಳಿರಲಿಲ್ಲ. ಅಬ್ಬಾ "ಕಡ್ಲೆ" ಎಂದು ಕೇಳಿದರು, ಅವನು ತನಗೆ ಗೊತ್ತಿದ್ದ ಕಡ್ಲೆಯನ್ನು ಹೇಳಿದ.

ನೀವೇ ಒಮ್ಮೆ ಗಮನಿಸಿ. ನಮ್ಮ ಬಾಯಲ್ಲಿ ಕಡ್ಲೆ ಅಂದರೆ ಕಡಲೆಕಾಳು. ಅದನ್ನು ಒಡೆದರೆ ಕಡ್ಲೆಬೇಳೆ, ಬೀಸಿದರೆ ಕಡ್ಲೆಹಿಟ್ಟು, ಹುರಿದರೆ ಹುರಿಗಡಲೆ ಅಥವಾ ಕಡ್ಲೆಪಪ್ಪು. ಇದೆಲ್ಲ ಒಂದು ಗಿಡದ್ದು. ಕಡ್ಲೆಕಾಯಿ, ಕಡ್ಲೆಬೀಜ, ನೆಲಗಡಲೆ, ಶೇಂಗಾ ಇವು ಬೇರೆಯೇ ಗಿಡದ್ದು, ಮಣ್ಣೊಳಗೆ ಕಾಯಿ ಬಿಡುವುದು. ಕಡ್ಲೆಬೇಳೆ, ಕಡ್ಲೆಬೀಜ ಎರಡರ ನಡುವೆ ಕೇಳುವಾಗ ಕೊನೆಯ ಎರಡಕ್ಷರದ್ದಷ್ಟೇ ವ್ಯತ್ಯಾಸ. ಪಾವಗಡದ ಸುತ್ತ ಬಹುಪಾಲು ಆಂಧ್ರ ಇರುವುದರಿಂದ ನಮ್ಮ ಕಡೆಯ ಹೋಟೆಲುಗಳಲ್ಲಿ ತೆಲುಗಿನ ಪಲ್ಲಿ ಎಂಬ ಹೆಸರೂ ಇದೆ. ಪಲ್ಲಿ ಚಟ್ನಿ ಎಂದು ಬರೆದಿದ್ದರೆ ಅದು ಹಲ್ಲಿಯ ಚಟ್ನಿ ಅಲ್ಲ, ಕಡ್ಲೆಬೀಜದ ಚಟ್ನಿ! ಮನೆಯಲ್ಲಿ ನಾವು ಮೂಂಗ್‌ಫಲಿ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಪೀನಟ್ ಮತ್ತು ಗ್ರೌಂಡ್‌ನಟ್ ಎರಡೂ ಒಂದೇ. ಒಂದು ಕಾಳಿಗೆ ಇಷ್ಟು ಹೆಸರಿದ್ದರೆ ಹೋಟೆಲಿನಲ್ಲಿ ಒಂದೇ ಹೆಸರು ಹೇಳಿ ಕೇಳುವುದು ಸಾಲದು.

ಈ ಘಟನೆಯಾದ ಮೇಲೆ ನಾನು ಮೆನುಗಳನ್ನೂ ಪೊಟ್ಟಣಗಳ ಹಿಂಬದಿಯನ್ನೂ ಓದಲು ಕಲಿತೆ. ಮೊದಲು ಮೆನುವಿನ ವಿಷಯ.

ಮೆನುವಿನಲ್ಲಿ ಬರೆದಿರುವುದು ತಿಂಡಿಯ ಹೆಸರು, ಅದರೊಳಗೆ ಏನಿದೆ ಎಂಬುದಲ್ಲ. ಇಡ್ಲಿ ಎಂದು ಬರೆದಿರುತ್ತಾರೆ, ಚಟ್ನಿಯ ಹೆಸರೇ ಇರುವುದಿಲ್ಲ. ಬಿರಿಯಾನಿ ಎಂದಿರುತ್ತದೆ, ಜೊತೆಗೆ ಬರುವ ಸಾಲನ್ ಇರುವುದಿಲ್ಲ. ದೊಡ್ಡ ಹೋಟೆಲುಗಳಿಗೆ ಇದರ ಬಗ್ಗೆ ನಿಯಮವಿದೆ. ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2020ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಕೇಂದ್ರ ಲೈಸೆನ್ಸ್ ಇರುವ ಅಥವಾ ಹತ್ತು ಹಾಗೂ ಅದಕ್ಕಿಂತ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ತಮ್ಮ ಮೆನುವಿನಲ್ಲಿ ಕ್ಯಾಲೊರಿಯ ಜೊತೆಗೆ ಅಲರ್ಜಿ ತರುವ ಪದಾರ್ಥಗಳ ಮಾಹಿತಿಯನ್ನೂ ಕೊಡಬೇಕು. ಹೆದ್ದಾರಿ ಪಕ್ಕದ ಪಿಜ್ಜಾ ಅಂಗಡಿಯಲ್ಲಿ ಅದನ್ನು ಕೇಳಿ ನೋಡಬಹುದು. ಮಧುಗಿರಿ ಬಸ್‌ಸ್ಟ್ಯಾಂಡಿನ ಎದುರಿನ ಒಂದೇ ಕೋಣೆಯ ಹೋಟೆಲಿಗೆ ಈ ನಿಯಮ ಇಲ್ಲ. ಅಲ್ಲಿ ನಮಗಿರುವುದು ತಿಂಡಿಯ ಹೆಸರು ಮತ್ತು ಬಾಯಿ.

ಹೆಸರಿನೊಳಗೆ ಏನು ಅಡಗಿದೆ ಎಂದು ನನಗೆ ಕಲಿಸಿದವರು ಶಿರಾದಲ್ಲಿರುವ ನನ್ನ ಮಾಮು. ಮದುವೆಗಳಿಗೆ ಅಡುಗೆ ಮಾಡುವ ಬವರ್ಚಿ ಅವರು. "ತಿಂಡಿ ಹೆಸರು ನೋಡಬೇಡ, ಹೇಗೆ ಮಾಡ್ತಾರೆ ಅಂತ ನೋಡು" ಎಂಬುದು ಅವರ ಮೊದಲ ಪಾಠ.

ಒಗ್ಗರಣೆಯನ್ನೇ ತೆಗೆದುಕೊಳ್ಳಿ. ಮೆನುವಿನಲ್ಲಿ ಅದು ತಡ್ಕಾ ಆಗಬಹುದು, ಬಘಾರ್ ಆಗಬಹುದು. ಮೂರೂ ಒಂದೇ ಕೆಲಸ, ಎಣ್ಣೆ ಕಾಯಿಸಿ ಸಾಸಿವೆ, ಕರಿಬೇವು ಸಿಡಿಸುವುದು. ಆದರೆ ಚಿತ್ರಾನ್ನ, ಪುಳಿಯೋಗರೆ, ಅವಲಕ್ಕಿಯ ಒಗ್ಗರಣೆ ನಮ್ಮ ಕಡೆ ಕಡ್ಲೆಬೀಜವಿಲ್ಲದೆ ಆಗುವುದೇ ಇಲ್ಲ. ಇಲ್ಲಿ ಬೀಜ ಕಣ್ಣಿಗೆ ಕಾಣುತ್ತದೆ. "ಆರಿಸಿ ಪಕ್ಕಕ್ಕಿಟ್ಟು ತಿನ್ನಪ್ಪ" ಎಂದು ಎಲ್ಲರೂ ಹೇಳುತ್ತಾರೆ. ಅದು ಸರಿಯಲ್ಲ. ಅಲರ್ಜಿ ತರುವುದು ಬೀಜದೊಳಗಿನ ಪ್ರೋಟೀನ್. ಬೀಜದ ತೂಕದಲ್ಲಿ ಸುಮಾರು ಕಾಲು ಭಾಗ ಪ್ರೋಟೀನೇ ಇರುತ್ತದೆ, ಅದರ ಪುಡಿ ಅನ್ನಕ್ಕೂ ಎಣ್ಣೆಗೂ ಸೇರಿರುತ್ತದೆ. ಕೆಲವರಿಗೆ ಕೆಲವೇ ಮಿಲಿಗ್ರಾಂ ಸಾಕು, ಅಂದರೆ ಒಂದು ಬೀಜದ ಸಣ್ಣ ತುಣುಕು. ಹುರಿದರೆ ಈ ಪ್ರೋಟೀನ್ ಸಾಯುವುದಿಲ್ಲ, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ.

ಎರಡನೆಯದು ಅರೆದ ಮಸಾಲೆ. ಇದೇ ಹೆಚ್ಚು ಅಪಾಯ, ಯಾಕೆಂದರೆ ಏನೂ ಕಾಣುವುದಿಲ್ಲ. ಬಿರಿಯಾನಿಯ ಜೊತೆ ಬಡಿಸುವ ಮಿರ್ಚಿ ಕಾ ಸಾಲನ್, ಬಘಾರೆ ಬೈಂಗನ್ ಇವೆರಡರ ಗಸಿಗೆ ಕಡ್ಲೆಬೀಜ, ಎಳ್ಳು, ಕೊಬ್ಬರಿ ಹುರಿದು ಅರೆಯುತ್ತಾರೆ. ನಮ್ಮ ಎಣ್ಣೆಗಾಯಿಯೂ ಅದೇ ದಾರಿ. ದಮ್ ಮಾಡಿದ ಬಿರಿಯಾನಿಯಲ್ಲಿ ಸಾಮಾನ್ಯವಾಗಿ ಕಡ್ಲೆಬೀಜ ಇರುವುದಿಲ್ಲ, ಆದರೆ ಬಡಿಸುವಾಗ ಸಾಲನ್ನಿನ ಸೌಟೇ ಬಿರಿಯಾನಿಗೂ ಹೋದರೆ ಮುಗಿಯಿತು. ಖುರ್ಮಾಕ್ಕೂ ದಪ್ಪ ಗ್ರೇವಿಗಳಿಗೂ ಗೋಡಂಬಿ ಅರೆದು ಹಾಕುವುದು ಪದ್ಧತಿ. "ಗೋಡಂಬಿ ಬೆಲೆ ಏರಿದಾಗ ಕಡ್ಲೆಬೀಜ ಅರೆದು ದಪ್ಪ ಮಾಡೋರೂ ಇದ್ದಾರೆ" ಎಂದು ಮಾಮು ನಕ್ಕರು. ಅವರೂ ಮಾಡಿದ್ದಾರೋ ಏನೋ, ನಾನು ಕೇಳಲಿಲ್ಲ.

ಮೂರನೆಯದು ಎಣ್ಣೆಯಲ್ಲಿ ಕರಿಯುವುದು. ಮೆನುವಿನಲ್ಲಿ ಫ್ರೈ, ಡೀಪ್ ಫ್ರೈ, ಕಬಾಬ್, ಮಂಚೂರಿ ಡ್ರೈ ಎಂದೆಲ್ಲ ಇರುತ್ತದೆ. ಪದಾರ್ಥದಲ್ಲಿ ಕಡ್ಲೆಬೀಜ ಇಲ್ಲದಿದ್ದರೂ ಬಾಣಲೆಯಲ್ಲಿ ಇರಬಹುದು. ಬೆಳಿಗ್ಗೆ ಮಸಾಲಾ ಕಡ್ಲೆಬೀಜ ಕರಿದ ಎಣ್ಣೆಯಲ್ಲೇ ಸಂಜೆ ಮೆಣಸಿನಕಾಯಿ ಬಜ್ಜಿ ಬೇಯುತ್ತದೆ. ಎಣ್ಣೆ ಯಾವುದು ಎಂಬುದೂ ಮುಖ್ಯ. ಕಾರ್ಖಾನೆಯಲ್ಲಿ ಪೂರ್ತಿ ಶುದ್ಧ ಮಾಡಿದ ರಿಫೈನ್ಡ್ ಎಣ್ಣೆಯಲ್ಲಿ ಪ್ರೋಟೀನ್ ಬಹುತೇಕ ಉಳಿಯುವುದಿಲ್ಲ. ಗಾಣದ ಎಣ್ಣೆಯಲ್ಲಿ ಉಳಿಯುತ್ತದೆ, ಅದರ ಘಮ ಬರುವುದೂ ಅದು ಶುದ್ಧೀಕರಣವಾಗದೆ ಉಳಿದಿರುವುದರಿಂದಲೇ. ಆರೋಗ್ಯಕ್ಕೆ ಒಳ್ಳೆಯದೆಂದು ಈಗ ಎಲ್ಲರೂ ಗಾಣದ ಎಣ್ಣೆಗೆ ಮರಳುತ್ತಿದ್ದಾರೆ. ನನ್ನ ತಮ್ಮನಿಗೆ ಮಾತ್ರ ಅದು ಆಗದು.

ಹಬೆಯಲ್ಲಿ ಬೇಯಿಸಿದ್ದು, ನೀರಿನಲ್ಲಿ ಬೇಯಿಸಿದ್ದು ಇವು ಸ್ವಲ್ಪ ಸುಲಭ. ಇಡ್ಲಿಯಲ್ಲಿ ತೊಂದರೆಯಿಲ್ಲ, ತೊಂದರೆ ಚಟ್ನಿಯಲ್ಲಿ. ಮುದ್ದೆ, ಬಸ್ಸಾರು ಸಿಗುವ ಹೋಟೆಲಾದರೆ ನಾವು ಅದನ್ನೇ ಕೇಳುತ್ತೇವೆ, ಖಾರಕ್ಕೆ ಏನು ಅರೆದಿದ್ದಾರೆ ಎಂದು ವಿಚಾರಿಸಿಕೊಂಡು.

ಕೇಳುವ ರೀತಿಯನ್ನೂ ಬದಲಿಸಿಕೊಂಡೆವು. "ಇವನಿಗೆ ಕಡ್ಲೆಕಾಯಿ ಆಗಲ್ಲ" ಎಂದರೆ ಹೋಟೆಲಿನವರು ಇಷ್ಟವಿಲ್ಲ ಎಂದೋ, ಪಥ್ಯ ಎಂದೋ ತಿಳಿಯುತ್ತಾರೆ, "ಸ್ವಲ್ಪ ಇದ್ರೆ ಏನಾಗಲ್ಲ ಬಿಡಿ" ಎನ್ನುತ್ತಾರೆ. ಈಗ ಅಬ್ಬಾ, "ಕಡ್ಲೆಬೀಜ ಒಂದು ಚೂರು ಹೊಟ್ಟೆಗೆ ಹೋದ್ರೂ ಹುಡುಗನಿಗೆ ಉಸಿರು ಕಟ್ಟುತ್ತೆ" ಎಂದು ಹೇಳುತ್ತಾರೆ. ಪ್ರಶ್ನೆಯನ್ನು ಬಡಿಸುವವರಿಗಲ್ಲ, ಅಡುಗೆಯವರಿಗೆ ಕೇಳುತ್ತಾರೆ. "ಹಾಕ್ತೀರಾ, ಇಲ್ವಾ" ಎಂದು ಕೇಳುವ ಬದಲು "ಚಟ್ನಿಗೆ ಏನೇನು ಹಾಕ್ತೀರಿ?" ಎಂದು ಕೇಳುತ್ತಾರೆ. ಹೌದು, ಇಲ್ಲ ಎಂದು ಹೇಳಿ ಮುಗಿಸುವಂತಿಲ್ಲದ ಪ್ರಶ್ನೆ ಅದು. ಅಡುಗೆಯವರು ಒಂದೊಂದಾಗಿ ಹೇಳುತ್ತಾ ಹೋಗುತ್ತಾರೆ, ನಡುವೆ ಕಡ್ಲೆಬೀಜ ತಾನಾಗಿಯೇ ಬಾಯಿಗೆ ಬರುತ್ತದೆ. ಕೊನೆಗೆ ಒಂದು ಪ್ರಶ್ನೆ: ಮಿಕ್ಸಿ ಜಾರು ಒಂದೇನಾ?

ಇನ್ನು ಪೊಟ್ಟಣಗಳು. ಇಲ್ಲಿ ನಿಯಮ ಗಟ್ಟಿಯಾಗಿದೆ, ಓದುವ ಕ್ರಮ ಗೊತ್ತಿದ್ದರೆ ಮೆನುವಿಗಿಂತ ಸುಲಭ.

ನಮ್ಮ ಕ್ಯಾಂಟೀನಿನಲ್ಲೂ ಸಿಗುವಂಥ ಒಂದು ಕ್ರೀಮ್ ಬಿಸ್ಕತ್ತಿನ ಪೊಟ್ಟಣ ಕೈಯಲ್ಲಿದೆ ಎಂದುಕೊಳ್ಳಿ. ಮುಂಭಾಗದಲ್ಲಿ ಹಸಿರು ಚೌಕದೊಳಗೆ ಹಸಿರು ಚುಕ್ಕೆ. ಅದು ಸಸ್ಯಾಹಾರ ಎಂದಷ್ಟೇ ಹೇಳುತ್ತದೆ. ಮಾಂಸಾಹಾರಕ್ಕೆ ಮೊದಲು ಕಂದು ಚುಕ್ಕೆ ಇತ್ತು, 2020ರ ನಿಯಮ ಬಂದ ಮೇಲೆ ಕಂದು ತ್ರಿಕೋನ. ಬಣ್ಣ ಗುರುತಿಸಲಾಗದವರಿಗೂ ಆಕಾರದಿಂದ ತಿಳಿಯುತ್ತದೆ. ಜೆಲಟಿನ್ ಇದೆಯೇ ಎಂದು ಚಿಂತಿಸುವ ನಮ್ಮ ಮನೆಗಳಲ್ಲಿ ಎಲ್ಲರೂ ಮೊದಲು ಈ ಗುರುತನ್ನು ನೋಡಿ ಸಮಾಧಾನಪಡುತ್ತಾರೆ, ಪ್ರಾಣಿಯಿಂದ ತೆಗೆದ ಜೆಲಟಿನ್ ಹಸಿರು ಚುಕ್ಕೆಯ ಪೊಟ್ಟಣದಲ್ಲಿ ಇರುವಂತಿಲ್ಲ. ಆದರೆ ಅಲರ್ಜಿಗೆ ಹಸಿರು ಚುಕ್ಕೆಯಿಂದ ಏನೂ ಉಪಯೋಗವಿಲ್ಲ. ಕಡ್ಲೆಕಾಯಿ, ಗೋಧಿ, ಹಾಲು ಎಲ್ಲಕ್ಕೂ ಹಸಿರು ಚುಕ್ಕೆಯೇ.

ಹಿಂದೆ ತಿರುಗಿಸಿದರೆ ಇಂಗ್ರೀಡಿಯೆಂಟ್ಸ್ ಎಂಬ ಪಟ್ಟಿ. ಇದರಲ್ಲಿ ತೂಕದಲ್ಲಿ ಹೆಚ್ಚಿರುವುದು ಮೊದಲು, ಕಡಿಮೆ ಇರುವುದು ಕೊನೆಗೆ. ಬಿಸ್ಕತ್ತಿನಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ, ಎಣ್ಣೆ, ಹಾಲಿನ ಪುಡಿ. ವೆಜಿಟೇಬಲ್ ಆಯಿಲ್ ಎಂದು ಬರೆದು ಸುಮ್ಮನಾಗುವಂತಿಲ್ಲ, ಪಾಮ್ ಎಣ್ಣೆಯೋ ಕಡ್ಲೆಕಾಯಿ ಎಣ್ಣೆಯೋ ಎಂದು ಹೇಳಬೇಕು. ನಂತರ ಎಮಲ್ಸಿಫೈಯರ್ ಎಂದು 322 ಎಂಬ ಅಂಕಿ ಇರುತ್ತದೆ. ಅದು ಲೆಸಿಥಿನ್, ಕೊಬ್ಬು ಮತ್ತು ನೀರು ಬೇರೆಯಾಗದಂತೆ ಹಿಡಿದಿಡುವ ಪದಾರ್ಥ, ಹೆಚ್ಚಾಗಿ ಸೋಯಾದಿಂದ ತೆಗೆದದ್ದು. ಸೋಯಾ ಆಗದವರು ಈ ಅಂಕಿಯನ್ನು ನೆನಪಿಟ್ಟುಕೊಳ್ಳಬೇಕು.

ಪಟ್ಟಿಯ ಕೆಳಗೆ, ಸಾಮಾನ್ಯವಾಗಿ ದಪ್ಪ ಅಕ್ಷರದಲ್ಲಿ, ಎರಡು ಸಾಲುಗಳಿರಬಹುದು. ನನಗೆ ಬೇಕಾದದ್ದು ಇವೇ. ಒಂದು "ಕಂಟೇನ್ಸ್" ಎಂದು ಶುರುವಾಗುತ್ತದೆ: ಇದರಲ್ಲಿ ಗೋಧಿ, ಹಾಲು, ಸೋಯಾ ಇದೆ ಎಂದು. ಇನ್ನೊಂದು "ಮೇ ಕಂಟೇನ್" ಎಂದು: ಕಡ್ಲೆಕಾಯಿ, ಗೋಡಂಬಿ ಇರಬಹುದು ಎಂದು. ಮೊದಲನೆಯದು ಬೇಕೆಂದೇ ಹಾಕಿದ್ದು. ಎರಡನೆಯದು ಅದೇ ಯಂತ್ರದಲ್ಲಿ ಬೇರೆ ತಿನಿಸು ಮಾಡಿದ್ದರಿಂದ ಅರಿಯದೆ ಸೇರಿರಬಹುದಾದದ್ದು. ಎಷ್ಟು ಸೇರಿದೆ ಎಂದು ಈ ಸಾಲು ಹೇಳುವುದಿಲ್ಲ. ಒಂದು ಪೊಟ್ಟಣದಲ್ಲಿ ಏನೂ ಇರದೆ ಮುಂದಿನ ಪೊಟ್ಟಣದಲ್ಲಿ ಚೂರು ಇರಬಹುದು. ಹೋದ ಸಲ ತಿಂದು ಏನೂ ಆಗಲಿಲ್ಲ ಎಂಬ ಮಾತು ಇಲ್ಲಿ ನಡೆಯದು. "ಮೇ ಕಂಟೇನ್" ಸಾಲಿನಲ್ಲಿ ಕಡ್ಲೆಕಾಯಿ ಕಂಡರೆ ನಾವು ವಾಪಸ್ ಇಡುತ್ತೇವೆ.

ಹೀಗೆ ಹೇಳಲೇಬೇಕಾದ ಪದಾರ್ಥಗಳು ನಮ್ಮ ದೇಶದ ನಿಯಮದಲ್ಲಿ ಎಂಟು ಗುಂಪು. ಗೋಧಿ, ಬಾರ್ಲಿಯಂಥ ಗ್ಲುಟನ್ ಇರುವ ಧಾನ್ಯಗಳು, ಸಿಗಡಿ, ಏಡಿ, ಹಾಲು, ಮೊಟ್ಟೆ, ಮೀನು, ಕಡ್ಲೆಕಾಯಿ ಮತ್ತು ಗೋಡಂಬಿ, ಬಾದಾಮಿಯಂಥ ಮರದ ಬೀಜಗಳು ಸೇರಿ ಒಂದು ಗುಂಪು, ಸೋಯಾ, ಕೊನೆಗೆ ಒಣಹಣ್ಣು ಕೆಡದಂತೆ ಹಾಕುವ ಸಲ್ಫೈಟ್, ಅದೂ ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ. ಎಳ್ಳು ಈ ಪಟ್ಟಿಯಲ್ಲಿಲ್ಲ. ಅಮೆರಿಕದಲ್ಲಿ 2023ರ ಜನವರಿಯಿಂದ ಎಳ್ಳನ್ನೂ ಸೇರಿಸಿದ್ದಾರೆ. ಇಲ್ಲಿ ಎಳ್ಳು ಆಗದವರು ಕೆಳಗಿನ ಸಾಲನ್ನು ನಂಬದೆ ಪೂರ್ತಿ ಪಟ್ಟಿ ಓದಬೇಕು.

ಬೇಕರಿಯಲ್ಲಿ ಬಿಡಿಯಾಗಿ ತೂಗಿ ಕೊಡುವ ಖಾರ, ಸಿಹಿಗಳಿಗೆ ಈ ಯಾವ ಸಾಲೂ ಇರುವುದಿಲ್ಲ. ಮಿಕ್ಸ್ಚರ್ ಅಳೆದ ಮೊಗೆಯಲ್ಲೇ ಬೂಂದಿಯನ್ನೂ ಅಳೆಯುತ್ತಾರೆ. ಬಿಡಿ ತಿನಿಸನ್ನು ನಾವು ಬಿಟ್ಟೇಬಿಟ್ಟೆವು.

ಇಷ್ಟೆಲ್ಲ ಇದ್ದೂ ಒಂದು ಕೊರತೆ ನನ್ನನ್ನು ಚುಚ್ಚುತ್ತದೆ. ಲೇಬಲ್ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇದ್ದರೆ ಸಾಕು, ಕನ್ನಡ ಹಾಕುವುದು ಕಂಪನಿಯ ಇಷ್ಟ. ನಮ್ಮ ಅಮ್ಮಿ ಉರ್ದು ಓದುತ್ತಾರೆ, ಕನ್ನಡ ಓದುತ್ತಾರೆ. ತಮ್ಮನಿಗೆ ತಿಂಡಿ ತರುವವರೂ ಅವರೇ. ಪೊಟ್ಟಣದ ಹಿಂದೆ ಇರುವುದು ಮಾತ್ರ ಅವರು ಓದಲಾರದ ಲಿಪಿ, ಅದೂ ಸಾಸಿವೆ ಕಾಳಿಗಿಂತ ಚಿಕ್ಕದಾಗಿ.

ನಾನು ಅವರಿಗೆ ಒಂದು ಉಪಾಯ ಹೇಳಿಕೊಟ್ಟೆ. ಪೀನಟ್, ಗ್ರೌಂಡ್‌ನಟ್ ಎರಡೂ ಇಂಗ್ಲಿಷಿನಲ್ಲಿ ಮುಗಿಯುವುದು ಒಂದೇ ಮೂರು ಅಕ್ಷರಗಳಲ್ಲಿ. ಆ ಮೂರನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದುಕೊಟ್ಟು, ಈ ಆಕಾರ ಕಂಡರೆ ತರಬೇಡಿ ಎಂದೆ. ಅಮ್ಮಿ ಅಂಗಡಿಗೆ ಹೋಗಿ ಬರಿಗೈಯಲ್ಲಿ ಬಂದರು. ಅಂಗಡಿಯಲ್ಲಿದ್ದ ಪ್ರತಿಯೊಂದು ಪೊಟ್ಟಣದಲ್ಲೂ ಅದೇ ಮೂರು ಅಕ್ಷರ ಇತ್ತಂತೆ! ನೋಡಿದರೆ, ಎಲ್ಲ ಪೊಟ್ಟಣಗಳ ಮೇಲೂ ಇರುವ ನ್ಯೂಟ್ರಿಷನ್ ಎಂಬ ತಲೆಬರಹ ಶುರುವಾಗುವುದೇ ಆ ಮೂರು ಅಕ್ಷರಗಳಿಂದ. ಕೋಕೊನಟ್ ಎಂಬ ತೆಂಗಿನಕಾಯಿಯೂ ಮುಗಿಯುವುದು ಅದರಲ್ಲೇ.

ಎರಡನೇ ಸಲ ಪೀನಟ್‌ನ ಆರು ಅಕ್ಷರ, ಗ್ರೌಂಡ್‌ನಟ್‌ನ ಒಂಬತ್ತು ಅಕ್ಷರ ಪೂರ್ತಿ ಬರೆದುಕೊಟ್ಟೆ, ಜೊತೆಗೆ "ಮೇ ಕಂಟೇನ್" ಎಂಬುದನ್ನೂ. ಬರೀ ನಟ್ಸ್ ಎಂದು ಬಿಡಿಯಾಗಿ ಇದ್ದರೂ ಬೇಡ ಎಂದೆ. ಅಮ್ಮಿ ಅದನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿದ್ದಾರೆ. ಅಕ್ಷರಗಳನ್ನು ಓದಲು ಬಾರದಿದ್ದರೂ, ಮೊಬೈಲಿನಲ್ಲಿ ಪೊಟ್ಟಣದ ಹಿಂಬದಿಯ ಫೋಟೊ ತೆಗೆದು ದೊಡ್ಡದು ಮಾಡಿ, ಕಾಗದವನ್ನು ಪಕ್ಕಕ್ಕೆ ಹಿಡಿದು ಒಂದೊಂದೇ ಆಕಾರ ಹೋಲಿಸಿ ನೋಡುತ್ತಾರೆ. ಅಂಗಡಿಯವನಿಗೆ ಬೇಸರವಾಗುವಷ್ಟು ಹೊತ್ತು ಹಿಡಿಯುತ್ತದೆ.

ತಮ್ಮನ ಜೇಬಿನಲ್ಲಿ ಇನ್ನೊಂದು ಚೀಟಿ ಇದೆ. ಕನ್ನಡ, ಉರ್ದು, ತೆಲುಗು ಮೂರರಲ್ಲೂ ಬರೆದದ್ದು, ಯಾಕೆಂದರೆ ಪಾವಗಡದಿಂದ ಶಿರಾಕ್ಕೆ ಹೋಗುವಷ್ಟರಲ್ಲಿ ಅಡುಗೆಯವರು ಈ ಮೂರರಲ್ಲಿ ಯಾವ ಭಾಷೆಯವರಾದರೂ ಆಗಿರಬಹುದು. ಅದರಲ್ಲಿ ಇಷ್ಟೇ ಇದೆ: "ಕಡ್ಲೆಕಾಯಿ, ಕಡ್ಲೆಬೀಜ, ಪಲ್ಲಿ, ಮೂಂಗ್‌ಫಲಿ, ಗಾಣದ ಕಡ್ಲೆಕಾಯಿ ಎಣ್ಣೆ ಒಂದು ಚೂರು ತಿಂದರೂ ನನಗೆ ಉಸಿರು ಕಟ್ಟುತ್ತದೆ. ಹುರಿಗಡಲೆ, ಕಡ್ಲೆಬೇಳೆ ಪರವಾಗಿಲ್ಲ. ತುಟಿ ಊದಿಕೊಂಡು ಕೆಮ್ಮು ಬಂದರೆ ಪಿತ್ತ ಎಂದು ಮಲಗಿಸಬೇಡಿ, 108ಕ್ಕೆ ಫೋನ್ ಮಾಡಿ." ಕೆಳಗೆ ಅಬ್ಬಾನ ನಂಬರು. ಹೋದ ತಿಂಗಳು ಶಿರಾದ ಮದುವೆಯೊಂದರಲ್ಲಿ ಅವನು ಅದನ್ನು ಮಾಮುವಿನ ಜೊತೆ ಅಡುಗೆ ಮಾಡುತ್ತಿದ್ದವರಿಗೆ ತೋರಿಸಿದ. ಅವರು ಓದಿ, ಒಲೆಯ ಮೇಲಿದ್ದ ದೇಗ್‌ನಿಂದ ಬೇರೆ ಸೌಟಿನಲ್ಲಿ ಅವನಿಗೊಂದು ತಟ್ಟೆ ಬಿರಿಯಾನಿ ತೆಗೆದು, ಸಾಲನ್ ಇನ್ನೂ ಅಡುಗೆ ಮನೆಯಿಂದ ಹೊರಗೆ ಬರುವ ಮೊದಲೇ ಕೈಗೆ ಕೊಟ್ಟರು.